ಇಂಚು ಅಳೆದರೆ ಸಾಲದು, ಚುಕ್ಕಿ ಎಣಿಸಬೇಕು

ಟಿ.ವಿ. ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಇಂಚಿನದು?’ ಎಂಬುದು. ಟಿ.ವಿ.ಯ ಮಟ್ಟಿಗೆ ಈ ಪ್ರಶ್ನೆ ಸರಿಯಾದದ್ದೇ. ಅಲ್ಲಿ ಚಿತ್ರ ಹೊರಗಿನಿಂದ ಸಿದ್ಧವಾಗಿ ಬರುತ್ತದೆ; ಪರದೆಯ ಕೆಲಸ ಅದನ್ನು ತೋರಿಸುವುದಷ್ಟೇ. ಕಂಪ್ಯೂಟರ್ ಆಟದ ಸಂಗತಿ ಹಾಗಲ್ಲ. ಆಟದಲ್ಲಿ ಮುಂದಿನ ಕ್ಷಣದ ಚಿತ್ರ ಎಲ್ಲಿಯೂ ಸಿದ್ಧವಾಗಿ ಕುಳಿತಿರುವುದಿಲ್ಲ. ಆಡುವವನು ಎಡಕ್ಕೆ ತಿರುಗಿದರೆ ಎಡಗಡೆಯ ಬೆಟ್ಟ, ಬಲಕ್ಕೆ ತಿರುಗಿದರೆ ಬಲಗಡೆಯ ಹೊಳೆ, ಎಲ್ಲವನ್ನೂ ಆ ಕ್ಷಣದಲ್ಲೇ ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡ್ ಬರೆದು ಕೊಡಬೇಕು. ಅದೂ ಸೆಕೆಂಡಿಗೆ ಅರವತ್ತು ಸಲವೋ ನೂರು ಸಲವೋ. ಹೀಗಾಗಿ ಆಟಕ್ಕೆಂದು ಮಾನಿಟರ್ ಕೊಳ್ಳುವವರು ಪರದೆಯನ್ನು ಮಾತ್ರ ಕೊಳ್ಳುವುದಿಲ್ಲ. ಕಾರ್ಡಿಗೆ ಹೊಸ ಕೆಲಸವನ್ನೂ ಹೊರಿಸುತ್ತಾರೆ. ಆ ಕೆಲಸ ಎಷ್ಟೆಂದು ಇಂಚುಪಟ್ಟಿ ಹೇಳುವುದಿಲ್ಲ.

ಇದನ್ನು ತಿಳಿಯಲು ಮನೆಯ ಮುಂದಿನ ಚುಕ್ಕಿ ರಂಗೋಲಿಯನ್ನು ನೆನೆದರೆ ಸಾಕು. ಅಂಗಳ ಎಷ್ಟು ದೊಡ್ಡದು ಎಂಬುದು ಒಂದು ಮಾತು. ಅದರಲ್ಲಿ ಎಷ್ಟು ಚುಕ್ಕಿ ಇಡುತ್ತಾರೆ ಎಂಬುದು ಬೇರೆ ಮಾತು. ಅದೇ ಅಂಗಳದಲ್ಲಿ ಹನ್ನೊಂದು ಚುಕ್ಕಿಯ ಸಾಲನ್ನೂ ಇಡಬಹುದು, ಇಪ್ಪತ್ತೊಂದು ಚುಕ್ಕಿಯ ಸಾಲನ್ನೂ ಇಡಬಹುದು. ಚುಕ್ಕಿ ಹೆಚ್ಚಿದಷ್ಟೂ ರಂಗೋಲಿ ನವಿರಾಗುತ್ತದೆ, ಇಡುವವರ ಬೆನ್ನೂ ನೋಯುತ್ತದೆ. ಮಾನಿಟರಿನಲ್ಲಿ ಅಂಗಳದ ಅಳತೆಯೇ ಇಂಚು. ಅದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದ. ಚುಕ್ಕಿಗಳೇ ಪಿಕ್ಸೆಲ್. ಅಡ್ಡ ಸಾಲಿನಲ್ಲಿ ಎಷ್ಟು ಪಿಕ್ಸೆಲ್, ಅಂಥ ಸಾಲುಗಳು ಎಷ್ಟು ಎಂಬ ಜೋಡಿ ಸಂಖ್ಯೆಯೇ ರೆಸಲ್ಯೂಷನ್.

ಮೊದಲು ಈ ಚುಕ್ಕಿಗಳನ್ನು ಎಣಿಸೋಣ. ಬಹುಕಾಲದಿಂದ ಬಳಕೆಯಲ್ಲಿರುವ 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಅಂಗಡಿಯವರು ಕ್ಯೂಎಚ್‌ಡಿ ಅಥವಾ 1440ಪಿ ಎನ್ನುವ 2560×1440ರಲ್ಲಿ 36.9 ಲಕ್ಷ. ಅಲ್ಟ್ರಾವೈಡ್ ಎಂದು ಕರೆಯುವ ಅಗಲ ಪರದೆಗಳಲ್ಲಿ ಹೆಚ್ಚಾಗಿ ಕಾಣುವ 3440×1440ರಲ್ಲಿ 49.5 ಲಕ್ಷ. 4ಕೆ ಎನ್ನುವ 3840×2160ರಲ್ಲಿ 82.9 ಲಕ್ಷ. 1080ಪಿ ಪರದೆಯನ್ನು ಒಂದು ರೂಪಾಯಿ ಎಂದು ತೆಗೆದುಕೊಂಡರೆ 1440ಪಿ ಒಂದು ರೂಪಾಯಿ ಎಪ್ಪತ್ತೆಂಟು ಪೈಸೆ, ಅಲ್ಟ್ರಾವೈಡ್ ಎರಡು ರೂಪಾಯಿ ನಲವತ್ತು ಪೈಸೆಗೆ ತುಸು ಕಡಿಮೆ, 4ಕೆ ಸರಿಯಾಗಿ ನಾಲ್ಕು ರೂಪಾಯಿ. ಕಾರ್ಡಿನ ಮೇಲೆ ಬೀಳುವ ಹೊರೆಯ ಮೊದಲ ಅಂದಾಜು ಇದೇ. ಪಿಕ್ಸೆಲ್ ಸಂಖ್ಯೆ ಒಂದೇ ಆಗಿದ್ದರೆ ಪರದೆ 24 ಇಂಚಿನದಾದರೂ 32 ಇಂಚಿನದಾದರೂ ಕಾರ್ಡಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಹಾಗಾದರೆ ಇಂಚಿಗೆ ಬೆಲೆಯೇ ಇಲ್ಲವೇ? ಇದೆ. ಅದು ಕಾರ್ಡಿಗಲ್ಲ, ಕಣ್ಣಿಗೆ.

ಕಣ್ಣು ಮತ್ತು ದೂರ

ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದಲ್ಲಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಕಣ್ಣಿನ ವೈದ್ಯರ ಗೋಡೆಯ ಮೇಲಿನ ಅಕ್ಷರ ಪಟ್ಟಿಯ ಹಿಂದಿರುವ ಲೆಕ್ಕವೂ ಇದೇ. ಈ ಕೋನವನ್ನು ದೂರಕ್ಕೆ ಹೊಂದಿಸಿದರೆ ಸುಲಭವಾದ ಒಂದು ಸೂತ್ರ ಸಿಗುತ್ತದೆ. ಒಂದು ಪಿಕ್ಸೆಲಿನ ಅಗಲವನ್ನು ಮಿಲಿಮೀಟರಿನಲ್ಲಿ ಬರೆದು 344ರಿಂದ ಗುಣಿಸಿದರೆ ಬರುವುದು, ಆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದು ನಿಂತು ಒಂದರಲ್ಲೊಂದು ಬೆರೆಯುವ ದೂರ, ಸೆಂಟಿಮೀಟರಿನಲ್ಲಿ.

24 ಇಂಚಿನ 1080ಪಿ ಪರದೆಯಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 0.277 ಮಿ.ಮೀ. ಗುಣಿಸಿದರೆ 95 ಸೆಂ.ಮೀ. ಅದೇ 1080ಪಿಯನ್ನು 27 ಇಂಚಿಗೆ ಹಿಗ್ಗಿಸಿದರೆ ಪಿಕ್ಸೆಲ್ 0.311 ಮಿ.ಮೀ. ಆಗುತ್ತದೆ, ದೂರ 107 ಸೆಂ.ಮೀ. 27 ಇಂಚಿನ 1440ಪಿಯಲ್ಲಿ ಪಿಕ್ಸೆಲ್ 0.233 ಮಿ.ಮೀ., ದೂರ 80 ಸೆಂ.ಮೀ. 27 ಇಂಚಿನ 4ಕೆಯಲ್ಲಿ 0.156 ಮಿ.ಮೀ., ದೂರ 54 ಸೆಂ.ಮೀ. ಮೇಜಿನ ಮುಂದೆ ಕುಳಿತವರ ಕಣ್ಣಿನಿಂದ ಪರದೆಗೆ ಸಾಮಾನ್ಯವಾಗಿ ಅರವತ್ತರಿಂದ ಎಪ್ಪತ್ತೈದು ಸೆಂಟಿಮೀಟರ್ ಅಂತರವಿರುತ್ತದೆ. ಆ ದೂರದಲ್ಲಿ 27 ಇಂಚಿನ 1080ಪಿ ಪರದೆಯ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 1440ಪಿಯಲ್ಲಿ ನಿಂತ ಅಕ್ಷರಗಳನ್ನು ಹುಡುಕಿ ನೋಡಿದರೆ ಮಾತ್ರ ಕಂಡೀತು. ಓಡುವ ಆಟದಲ್ಲಿ ಕಾಣುವುದು ಕಷ್ಟ. 4ಕೆಯಲ್ಲಿ ಹುಡುಕಿದರೂ ಕಾಣದು. ಅಂದರೆ 1440ಪಿಯಿಂದ 4ಕೆಗೆ ಏರಿದಾಗ ಕಾರ್ಡಿನ ಕೆಲಸ ಎರಡೂಕಾಲು ಪಟ್ಟಾಗುತ್ತದೆ, ಕಣ್ಣಿಗೆ ಸಿಗುವ ಲಾಭ ಮಾತ್ರ ಅಷ್ಟಿರುವುದಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 32 ಇಂಚಿನ 1440ಪಿ ಪರದೆಯ ಪಿಕ್ಸೆಲ್ 24 ಇಂಚಿನ 1080ಪಿ ಪರದೆಯ ಪಿಕ್ಸೆಲಿನಷ್ಟೇ ದಪ್ಪ. ಚಿತ್ರ ದೊಡ್ಡದಾಗುತ್ತದೆ, ನವಿರಾಗುವುದಿಲ್ಲ. ಹಳೆಯ 24 ಇಂಚಿನ ಪರದೆ ಒರಟು ಎಂಬ ಕಾರಣಕ್ಕೆ ಬದಲಾಯಿಸಲು ಹೊರಟವರು ಇದನ್ನು ಕೊಂಡರೆ ಹಣವೂ ಹೋಯಿತು, ಒರಟುತನವೂ ಉಳಿಯಿತು.

ಅಗಲ ಪರದೆ ಎಂಬ ಹೊಸ ಆಕರ್ಷಣೆ

ಈಗ ಅಲ್ಟ್ರಾವೈಡ್ ಪರದೆಗೆ ಬರೋಣ. ಸಾಮಾನ್ಯ ಪರದೆಯ ಅಗಲ ಮತ್ತು ಎತ್ತರದ ಅನುಪಾತ 16:9. ಅಲ್ಟ್ರಾವೈಡ್ ಪರದೆಯ ಪೆಟ್ಟಿಗೆಯ ಮೇಲೆ 21:9 ಎಂದು ಬರೆದಿರುತ್ತದೆ. ಅದು ಸ್ಥೂಲವಾದ ಸಂಖ್ಯೆ. 3440ನ್ನು 1440ರಿಂದ ಭಾಗಿಸಿದರೆ ಬರುವುದು 2.39, ಅಂದರೆ 21:9ಕ್ಕಿಂತ ತುಸು ಹೆಚ್ಚೇ. ಪೈಥಾಗೊರಸ್ ಪ್ರಮೇಯ ನೆನಪಿರುವವರು ಯಾರು ಬೇಕಾದರೂ ಇದರ ಅಗಲ, ಎತ್ತರಗಳನ್ನು ಕಂಡುಹಿಡಿಯಬಹುದು. 34 ಇಂಚಿನ ಈ ಪರದೆ ಸುಮಾರು 31.4 ಇಂಚು ಅಗಲ, 13.1 ಇಂಚು ಎತ್ತರ. 27 ಇಂಚಿನ ಸಾಮಾನ್ಯ ಪರದೆ 23.5 ಇಂಚು ಅಗಲ, 13.2 ಇಂಚು ಎತ್ತರ. ಎತ್ತರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. 34 ಎಂಬ ಅಂಕೆ ನೋಡಿ 32 ಇಂಚಿನದಕ್ಕಿಂತ ದೊಡ್ಡದು ಬರುತ್ತದೆಂದು ಕೊಂಡವರಿಗೆ ಮನೆಯಲ್ಲಿ ಬಿಚ್ಚಿದಾಗ ಅದು ಗಿಡ್ಡವಾಗಿ ಕಾಣುವುದು ಇದಕ್ಕೇ. 34 ಇಂಚಿನ ಅಲ್ಟ್ರಾವೈಡ್ ಎಂದರೆ 27 ಇಂಚಿನ ಪರದೆಗೆ ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ಇಂಚಿನ ಜಗುಲಿ ಕಟ್ಟಿದಂತೆ. ಆ ಜಗುಲಿಯ ಬೆಲೆ ಕಾರ್ಡಿಗೆ ಶೇಕಡಾ 34ರಷ್ಟು ಹೆಚ್ಚಿನ ಪಿಕ್ಸೆಲ್‌ಗಳು.

ಆ ಜಗುಲಿಯಲ್ಲಿ ಏನು ಕಾಣುತ್ತದೆ ಎಂಬುದು ಆಟವನ್ನು ಬರೆದವರ ಕೈಯಲ್ಲಿದೆ. ಸರಿಯಾಗಿ ಬರೆದ ಆಟದಲ್ಲಿ ಮೇಲೆ ಕೆಳಗಿನ ನೋಟ ಹಾಗೆಯೇ ಇದ್ದು ಎಡ ಬಲಗಳ ನೋಟ ಹೆಚ್ಚುತ್ತದೆ. ಸಾಮಾನ್ಯ ಪರದೆಯಲ್ಲಿ 90 ಡಿಗ್ರಿ ಅಗಲದ ನೋಟವಿದ್ದರೆ ಇಲ್ಲಿ ಸುಮಾರು 107 ಡಿಗ್ರಿ ಸಿಗುತ್ತದೆ. ಕಾರು ಓಡಿಸುವ, ವಿಮಾನ ಹಾರಿಸುವ ಆಟಗಳಲ್ಲಿ ಇದರ ಸುಖವೇ ಬೇರೆ. ಕೆಲವು ಆಟಗಳು ಅಗಲವನ್ನು 90 ಡಿಗ್ರಿಗೇ ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿ, ಮೇಲೆ ಕೆಳಗೆ ಒಟ್ಟು ಕಾಲುಭಾಗದಷ್ಟನ್ನು ಕತ್ತರಿಸಿಬಿಡುತ್ತವೆ. ಅಗಲ ಪರದೆಯವನಿಗೆ ಕಾಣುವುದು ಇತರರಿಗಿಂತ ಕಡಿಮೆ! ಇನ್ನು ಕೆಲವು ಆಟಗಳು ಅಗಲ ಪರದೆಯನ್ನು ಒಪ್ಪುವುದೇ ಇಲ್ಲ. 2022ರಲ್ಲಿ ಬಂದ ಪ್ರಸಿದ್ಧ ಆಟ ‘ಎಲ್ಡನ್ ರಿಂಗ್’ ಎರಡೂ ಪಕ್ಕಗಳಲ್ಲಿ ಕಪ್ಪು ಪಟ್ಟಿ ಬಿಟ್ಟು ನಡುವೆ 16:9ರಲ್ಲೇ ನಡೆಯುತ್ತದೆ. ಮನೆಯಲ್ಲಿ ಹೆಚ್ಚಾಗಿ ಆಡುವ ಎರಡು ಮೂರು ಆಟಗಳು ಇದರಲ್ಲಿ ಯಾವ ಗುಂಪಿಗೆ ಸೇರಿದವು ಎಂದು ತಿಳಿಯದೆ ಅಲ್ಟ್ರಾವೈಡ್ ಕೊಳ್ಳಬಾರದು.

ಅಂಗಡಿಯಲ್ಲಿ ಎಚ್ಚರಿಕೆ ಬೇಕಾದ ಇನ್ನೊಂದು ಜಾಗವಿದೆ. 34 ಇಂಚಿನ ಅಲ್ಟ್ರಾವೈಡ್ ಎರಡು ಬಗೆಯಲ್ಲಿ ಬರುತ್ತದೆ. ಒಂದು 3440×1440ರದು, ಇನ್ನೊಂದು ಅಗ್ಗದ 2560×1080ರದು. ಹೊರನೋಟಕ್ಕೆ ಎರಡೂ ಒಂದೇ. ಎರಡನೆಯದರ ಪಿಕ್ಸೆಲ್ 0.311 ಮಿ.ಮೀ., ಅಂದರೆ 27 ಇಂಚಿನ 1080ಪಿಯಷ್ಟೇ ಒರಟು. ಕಾರ್ಡಿಗೆ ಅದು ಹಗುರ, 27.6 ಲಕ್ಷ ಪಿಕ್ಸೆಲ್ ಮಾತ್ರ; ಕಣ್ಣಿಗೆ ಹಿತವಲ್ಲ. ಈ ರೆಸಲ್ಯೂಷನ್ನೇ ಬೇಕಿದ್ದವರಿಗೆ 29 ಇಂಚಿನ ಪರದೆ ಒಳ್ಳೆಯದು.

ಒಂದು ಮನೆಯ ಲೆಕ್ಕ

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ. ಮನೆಯಲ್ಲಿ ಈಗಿರುವ ಕಾರ್ಡು ಹೊಸ ಪರದೆಯನ್ನು ಎಳೆದೀತೇ? ಇದನ್ನು ಕೊಂಡ ಮೇಲೆ ತಿಳಿಯಬೇಕಾಗಿಲ್ಲ. ಹಳೆಯ ಪರದೆಯ ಮೇಲೆಯೇ ಮೊದಲೇ ತಿಳಿಯಬಹುದು.

ಒಂದು ಮನೆಯ ಉದಾಹರಣೆ ಇಟ್ಟುಕೊಳ್ಳೋಣ. ಕಾಲೇಜಿನಲ್ಲಿ ಓದುವ ಮಗ, ಎರಡು ವರ್ಷದ ಹಿಂದೆ ಕೂಡಿಟ್ಟ ಹಣದಲ್ಲಿ ಅವನಿಗೊಂದು ಕಂಪ್ಯೂಟರ್ ಕೊಡಿಸಿದ ತಂದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಯಾದವರು 2023ರಲ್ಲಿ ತಂದ ಆರ್‌ಟಿಎಕ್ಸ್ 4060 ಕಾರ್ಡಿದೆ. ಅದರ ಸ್ವಂತ ಮೆಮೊರಿ 8 ಗಿಗಾಬೈಟ್, ಅದು ಉಣ್ಣುವ ವಿದ್ಯುತ್ತು 115 ವ್ಯಾಟ್. ಪರದೆ 24 ಇಂಚಿನ 1080ಪಿ. ಮಗನ ಕಣ್ಣು 34 ಇಂಚಿನ ಅಲ್ಟ್ರಾವೈಡ್ ಮೇಲೆ. ‘ಅಪ್ಪಾ, ಮಾನಿಟರ್ ಒಂದು ಬದಲಾಯಿಸಿದರೆ ಸಾಕು, ಬೇರೇನೂ ಕೇಳಲ್ಲ’ ಎಂಬುದು ಅವನ ಮಾತು. ‘ಆಮೇಲೆ ಕಾರ್ಡು ಸಾಲದು ಅಂತೀಯೋ ಹೇಗೆ?’ ಎಂಬುದು ತಂದೆಯ ಅನುಮಾನ. ಅನುಮಾನ ನ್ಯಾಯವಾದದ್ದೇ. ಪರದೆಯ ಹಿಂದೆ ಕಾರ್ಡು, ಕಾರ್ಡಿನ ಹಿಂದೆ ಹೆಚ್ಚು ವ್ಯಾಟಿನ ಪವರ್ ಸಪ್ಲೈ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುವುದುಂಟು.

ಮೊದಲ ಹೆಜ್ಜೆಯಾಗಿ ಮಗ ತಾನು ಹೆಚ್ಚಾಗಿ ಆಡುವ ಭಾರವಾದ ಆಟವನ್ನು ತೆರೆಯುತ್ತಾನೆ. ಆಟದಲ್ಲಿ V-Sync ಆರಿಸಬೇಕು, ಫ್ರೇಮ್ ಸಂಖ್ಯೆಗೆ ಹಾಕಿದ ಮಿತಿಯಿದ್ದರೆ ತೆಗೆಯಬೇಕು, ಚಿತ್ರವನ್ನು ಹಿಗ್ಗಿಸುವ DLSS, FSR ಮುಂತಾದವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಅಳೆದದ್ದು ಕಾರ್ಡಿನ ಶಕ್ತಿಯಾಗುವುದಿಲ್ಲ. ಎನ್‌ವಿಡಿಯಾ ಕಾರ್ಡಿನ ತಂತ್ರಾಂಶ ಹಾಕಿಕೊಂಡಿದ್ದರೆ Alt+R ಒತ್ತಿದಾಗ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್, ಕಾರ್ಡು ಶೇಕಡಾ ಎಷ್ಟು ದುಡಿಯುತ್ತಿದೆ ಎಂಬುದು ಕಾಣುತ್ತದೆ. ಆಟದ ಒಂದೇ ಜಾಗದಲ್ಲಿ, ಒಂದೇ ದಾರಿಯಲ್ಲಿ ನಡೆದು ಅಳೆಯಬೇಕು. 1080ಪಿಯಲ್ಲಿ ಸೆಕೆಂಡಿಗೆ 80 ಫ್ರೇಮ್ ಬಂತು ಎಂದಿಟ್ಟುಕೊಳ್ಳೋಣ. ಕಾರ್ಡಿನ ದುಡಿಮೆ ಶೇಕಡಾ 98ರ ಆಸುಪಾಸಿನಲ್ಲಿದ್ದರೆ ಈ ಅಳತೆಯನ್ನು ನಂಬಬಹುದು.

ಎರಡನೆಯ ಹೆಜ್ಜೆ ಸ್ವಾರಸ್ಯದ್ದು. ಹಳೆಯ ಪರದೆ 1080ಪಿಯದೇ ಆದರೂ ಕಾರ್ಡಿನಿಂದ 1440ಪಿಯ ಕೆಲಸ ಮಾಡಿಸಬಹುದು. NVIDIA Control Panel ತೆರೆದು, Manage 3D settings ಒಳಗಿನ DSR - Factors ಪಟ್ಟಿಯಲ್ಲಿ 1.78x ಎಂಬುದಕ್ಕೆ ಗುರುತು ಹಾಕಿದರೆ ಆಟದ ಪಟ್ಟಿಯಲ್ಲಿ 2560×1440 ಎಂಬ ಹೊಸ ಆಯ್ಕೆ ಮೂಡುತ್ತದೆ. ಕಾರ್ಡು ಅಷ್ಟೂ ಪಿಕ್ಸೆಲ್‌ಗಳನ್ನು ಬರೆದು, ಕೊನೆಯಲ್ಲಿ ಕುಗ್ಗಿಸಿ ಹಳೆಯ ಪರದೆಗೆ ಕೊಡುತ್ತದೆ. ಎಎಮ್‌ಡಿ ಕಾರ್ಡುಗಳಲ್ಲಿ ಇದೇ ಕೆಲಸಕ್ಕೆ Virtual Super Resolution ಎಂಬ ಗುಂಡಿ ಇದೆ. ಅದೇ ಜಾಗದಲ್ಲಿ ಮತ್ತೆ ನಡೆದಾಗ 53 ಫ್ರೇಮ್ ಬಂತು ಎನ್ನೋಣ.

ಇನ್ನು ಲೆಕ್ಕ. ಫ್ರೇಮ್ ಸಂಖ್ಯೆಯನ್ನು ನೇರವಾಗಿ ಕೂಡಿ ಕಳೆದರೆ ತಪ್ಪಾಗುತ್ತದೆ. ಅದನ್ನು ಮೊದಲು ಸಮಯಕ್ಕೆ ತಿರುಗಿಸಿಕೊಳ್ಳಬೇಕು. ಒಂದು ಸೆಕೆಂಡ್ ಎಂದರೆ ಸಾವಿರ ಮಿಲಿಸೆಕೆಂಡ್. 80 ಫ್ರೇಮ್ ಎಂದರೆ ಒಂದು ಚಿತ್ರಕ್ಕೆ 12.5 ಮಿಲಿಸೆಕೆಂಡ್. 53 ಫ್ರೇಮ್ ಎಂದರೆ 18.9. ವ್ಯತ್ಯಾಸ 6.4. ಈ 6.4 ಮಿಲಿಸೆಕೆಂಡ್ ಹೋದದ್ದು ಹೆಚ್ಚಿನ 16 ಲಕ್ಷ ಪಿಕ್ಸೆಲ್‌ಗಳಿಗೆ. ಅಂದರೆ ಲಕ್ಷ ಪಿಕ್ಸೆಲಿಗೆ 0.4 ಮಿಲಿಸೆಕೆಂಡ್. ಈ ದರದಲ್ಲಿ 1080ಪಿಯ 20.7 ಲಕ್ಷ ಪಿಕ್ಸೆಲಿಗೆ ಹಿಡಿಯಬೇಕಾದದ್ದು 8.3 ಮಿಲಿಸೆಕೆಂಡ್. ಆದರೆ ಹಿಡಿದದ್ದು 12.5. ಉಳಿದ 4.2 ಎಲ್ಲಿಗೆ ಹೋಯಿತು?

ಅದು ಚುಕ್ಕಿಗೆ ಸಂಬಂಧಿಸದ ಕೆಲಸ. ರಂಗೋಲಿ ಚಿಕ್ಕದಿರಲಿ ದೊಡ್ಡದಿರಲಿ, ಬಾಗಿಲು ಸಾರಿಸಿ ಬಟ್ಟಲು ತಂದಿಟ್ಟುಕೊಳ್ಳುವ ಹೊತ್ತು ಇದ್ದೇ ಇರುತ್ತದಲ್ಲ, ಹಾಗೆ. ಆಟದ ಲೋಕದ ಮರ, ಮನೆ, ಮನುಷ್ಯರ ಆಕಾರಗಳನ್ನು ಜೋಡಿಸುವುದು, ಸೂರ್ಯನ ಕಡೆಯಿಂದ ನೋಡಿ ನೆರಳು ಎಲ್ಲಿ ಬೀಳುತ್ತದೆಂದು ಗುರುತಿಸುವುದು, ಇವಕ್ಕೆ ಪರದೆಯ ಪಿಕ್ಸೆಲ್ ಎಷ್ಟು ಎಂಬುದು ಅಷ್ಟಾಗಿ ಮುಖ್ಯವಲ್ಲ. ಆದ್ದರಿಂದಲೇ ಪಿಕ್ಸೆಲ್ 1.78 ಪಟ್ಟಾದಾಗ ಸಮಯ 1.78 ಪಟ್ಟಾಗದೆ ಒಂದೂವರೆ ಪಟ್ಟು ಮಾತ್ರ ಆಯಿತು.

ಈಗ ಮಗನ ಕನಸಿನ ಪರದೆಗೆ ಲೆಕ್ಕ ಹಾಕಬಹುದು. 49.5 ಲಕ್ಷವನ್ನು 0.4ರಿಂದ ಗುಣಿಸಿದರೆ 19.8. ಅದಕ್ಕೆ 4.2 ಸೇರಿಸಿದರೆ 24 ಮಿಲಿಸೆಕೆಂಡ್. ಸಾವಿರವನ್ನು 24ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 42 ಫ್ರೇಮ್. ಅಗಲ ಪರದೆಯಲ್ಲಿ ಪಕ್ಕದ ಮರ ಮನೆಗಳೂ ನೋಟದೊಳಗೆ ಬರುವುದರಿಂದ ಆ 4.2 ಕೂಡ ತುಸು ಏರುತ್ತದೆ. 40 ಎಂದು ಇಟ್ಟುಕೊಳ್ಳುವುದು ಕ್ಷೇಮ. 4ಕೆಗೆ ಇದೇ ಲೆಕ್ಕ ಹಾಕಿದರೆ 27 ಫ್ರೇಮ್. ಹಳೆಯ ಪರದೆಯಲ್ಲಿ 80 ಫ್ರೇಮಿನ ನುಣುಪಿಗೆ ಒಗ್ಗಿದ ಹುಡುಗನಿಗೆ 40 ಫ್ರೇಮ್ ಎಂದರೆ ಡಾಂಬರು ರಸ್ತೆ ಬಿಟ್ಟು ಜಲ್ಲಿ ರಸ್ತೆಗಿಳಿದ ಅನುಭವ. ಈ ಲೆಕ್ಕವನ್ನು ತಾಳೆ ನೋಡುವ ದಾರಿಯೂ ಇದೆ. ಅದೇ DSR - Factors ಪಟ್ಟಿಯಲ್ಲಿ 2.25x ಎಂಬುದನ್ನು ಆರಿಸಿದರೆ 2880×1620 ಸಿಗುತ್ತದೆ. ಇದು 46.7 ಲಕ್ಷ ಪಿಕ್ಸೆಲ್, ಅಲ್ಟ್ರಾವೈಡಿಗೆ ಬಹಳ ಹತ್ತಿರ. ಲೆಕ್ಕದ ಪ್ರಕಾರ ಇಲ್ಲಿ 44 ಫ್ರೇಮ್ ಬರಬೇಕು. ಅಳೆದಾಗಲೂ 43, 45 ಬಂದರೆ ದರ ಸರಿಯಾಗಿದೆ ಎಂದರ್ಥ.

ರೇಖೆ ಬಾಗಿದರೆ

ಪಿಕ್ಸೆಲ್‌ಗಳನ್ನು ಅಡ್ಡ ಅಕ್ಷದಲ್ಲೂ ಮಿಲಿಸೆಕೆಂಡನ್ನು ಲಂಬ ಅಕ್ಷದಲ್ಲೂ ಇಟ್ಟು ಗ್ರಾಫ್ ಕಾಗದದ ಮೇಲೆ ಈ ಮೂರು ಬಿಂದುಗಳನ್ನು ಗುರುತಿಸಿದರೆ ಅವು ಒಂದೇ ಸರಳರೇಖೆಯ ಮೇಲೆ ಬರಬೇಕು. ಬಾರದಿದ್ದರೆ ರೇಖೆ ಯಾವ ಕಡೆ ಬಾಗಿತು ಎಂಬುದೇ ಕಾಯಿಲೆಯನ್ನು ಹೇಳುತ್ತದೆ.

1080ಪಿಯಲ್ಲೂ 1440ಪಿಯಲ್ಲೂ ಹೆಚ್ಚು ಕಡಿಮೆ ಒಂದೇ ಫ್ರೇಮ್ ಬಂದು, ಕಾರ್ಡಿನ ದುಡಿಮೆ ಶೇಕಡಾ 60, 70ರಲ್ಲಿ ನಿಂತಿದ್ದರೆ ಕಾರ್ಡು ಸುಮ್ಮನೆ ಕಾಯುತ್ತಿದೆ ಎಂದು ತಿಳಿಯಬೇಕು. ಪ್ರತಿ ಚಿತ್ರಕ್ಕೂ ಮೊದಲು ಯಾರು ಎಲ್ಲಿದ್ದಾರೆ, ಏನು ಬರೆಯಬೇಕು ಎಂದು ಹೇಳಬೇಕಾದದ್ದು ಕಂಪ್ಯೂಟರಿನ ಮುಖ್ಯ ಪ್ರೊಸೆಸರ್. ಅದು ನಿಧಾನವಾದರೆ ಕಾರ್ಡು ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ಇಂಥ ಮನೆಯಲ್ಲಿ ಪರದೆ ದೊಡ್ಡದು ಮಾಡಿದರೆ ಹೆಚ್ಚಿನ ನಷ್ಟವಾಗದು. ಖಾಲಿ ಕುಳಿತ ಕಾರ್ಡಿಗೆ ಕೆಲಸ ಸಿಗುತ್ತದೆ. ಹೊಸ ಕಾರ್ಡು ಕೊಂಡರೆ ಮಾತ್ರ ಫ್ರೇಮ್ ಹೆಚ್ಚದು.

ರೇಖೆ ಮೇಲಕ್ಕೆ ಬಾಗಿದರೆ ಕಾಯಿಲೆ ಬೇರೆ. 44 ಫ್ರೇಮ್ ಬರಬೇಕಾದಲ್ಲಿ 25 ಬಂದು, ಆಟ ನಡುನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತಿದ್ದರೆ, ಗೋಡೆಯ ಮೇಲಿನ ಬಣ್ಣ ತಡವಾಗಿ ಮೂಡುತ್ತಿದ್ದರೆ ಕಾರ್ಡಿನ ಮೆಮೊರಿ ತುಂಬಿದೆ. 8 ಗಿಗಾಬೈಟಿನಲ್ಲಿ ಹೆಚ್ಚಿನ ಪಾಲನ್ನು ತಿನ್ನುವುದು ಮೇಲ್ಮೈಗಳ ಮೇಲೆ ಹೊದಿಸುವ ಚಿತ್ರಗಳು. ಅವಕ್ಕೆ ಟೆಕ್ಸ್ಚರ್ ಎಂದು ಹೆಸರು. ಪರದೆಯ ಒಂದು ಪೂರ್ಣ ಚಿತ್ರಕ್ಕೆ ಬೇಕಾದದ್ದು ಪಿಕ್ಸೆಲಿಗೆ 4 ಬೈಟಿನಂತೆ ಅಲ್ಟ್ರಾವೈಡಿನಲ್ಲಿ ಸುಮಾರು 20 ಮೆಗಾಬೈಟ್ ಮಾತ್ರ. ಆದರೆ ಈಗಿನ ಆಟಗಳು ಬೆಳಕಿಗೊಂದು, ದೂರಕ್ಕೊಂದು, ಚಲನೆಗೊಂದು ಎಂದು ಅಂಥ ಅನೇಕ ಹಾಳೆಗಳನ್ನು ಇಟ್ಟುಕೊಳ್ಳುತ್ತವೆ. ಮೊದಲೇ ಅಂಚಿಗೆ ಬಂದಿದ್ದ ಮೆಮೊರಿ ಇದರಿಂದ ಹೊರಚೆಲ್ಲುತ್ತದೆ. ಆಗ ಕಾರ್ಡು ಬೇಕಾದ್ದನ್ನು ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ತರಬೇಕು. ಅಂಗಳದಲ್ಲಿ ಕುಳಿತವರು ಹಿಟ್ಟಿಗಾಗಿ ಮತ್ತೆ ಮತ್ತೆ ಒಳಗೆ ಎದ್ದು ಹೋದಂತೆ. ಇದಕ್ಕೆ ಮದ್ದು ಸರಳ. ಆಟದ ಪಟ್ಟಿಯಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಅಳೆಯಬೇಕು. ರೇಖೆ ನೆಟ್ಟಗಾದರೆ ಕಾರಣ ಅದೇ.

ನಡುವಿನ ದಾರಿ

ನಮ್ಮ ಉದಾಹರಣೆಯ ಹುಡುಗ 40 ಫ್ರೇಮ್ ಎಂದು ಕೇಳಿ ಪೂರ್ತಿ ನಿರಾಶನಾಗಬೇಕಿಲ್ಲ. ಅವನಿಗೆ ಎರಡು ದಾರಿಗಳಿವೆ. ಒಂದು, ಚಿತ್ರವನ್ನು ಚಿಕ್ಕದಾಗಿ ಬರೆದು ಹಿಗ್ಗಿಸುವ ಉಪಾಯ. ಎನ್‌ವಿಡಿಯಾದ DLSS, ಎಎಮ್‌ಡಿಯ FSR ಮಾಡುವುದು ಇದನ್ನೇ. ಇವೆರಡರಲ್ಲೂ Quality ಎಂಬ ಆಯ್ಕೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಮೂರರಲ್ಲಿ ಎರಡು ಪಾಲು ಮಾತ್ರ ಬರೆಯುತ್ತದೆ. ಅಲ್ಟ್ರಾವೈಡಿನಲ್ಲಿ ಹೀಗೆ ಬರೆಯುವುದು ಸುಮಾರು 22 ಲಕ್ಷ ಪಿಕ್ಸೆಲ್, ಅಂದರೆ 1080ಪಿಗಿಂತ ತುಸು ಹೆಚ್ಚು. ನಮ್ಮ ದರದಲ್ಲಿ 13 ಮಿಲಿಸೆಕೆಂಡ್. ಹಿಗ್ಗಿಸುವ ಕೆಲಸಕ್ಕೇ ಒಂದೆರಡು ಮಿಲಿಸೆಕೆಂಡ್ ಸೇರಿಸಿದರೂ ಸೆಕೆಂಡಿಗೆ 65ರಿಂದ 70 ಫ್ರೇಮ್ ಸಿಕ್ಕೀತು. ಹಿಂದಿನ ಚಿತ್ರಗಳ ಮಾಹಿತಿಯನ್ನೂ ಸೇರಿಸಿ ಹಿಗ್ಗಿಸುವುದರಿಂದ ನಿಂತ ದೃಶ್ಯ ಬಹುಮಟ್ಟಿಗೆ ಸ್ಪಷ್ಟವಾಗಿರುತ್ತದೆ. ತಂತಿಬೇಲಿ, ಎಲೆ, ಕೂದಲಿನಂಥ ಸಣ್ಣ ವಸ್ತುಗಳು ವೇಗವಾಗಿ ಚಲಿಸಿದಾಗ ಮಾತ್ರ ಮಿನುಗುವುದೋ ಹಿಂದೆ ನೆರಳು ಬಿಡುವುದೋ ಕಾಣಬಹುದು. ಎಲ್ಲ ಆಟಗಳಲ್ಲೂ ಈ ಸೌಲಭ್ಯ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೆಯ ದಾರಿ ಅಲ್ಟ್ರಾವೈಡಿನ ಒಳಗೇ ಅಡಗಿದೆ. ಭಾರವಾದ ಆಟ ಬಂದಾಗ ಅದರ ರೆಸಲ್ಯೂಷನ್ನನ್ನು 2560×1440ಕ್ಕೆ ಇಳಿಸಿ, ಚಿತ್ರವನ್ನು ಎಳೆದು ಹಿಗ್ಗಿಸದಂತೆ ಕಾರ್ಡಿನ ತಂತ್ರಾಂಶದಲ್ಲಿ ಹೇಳಿದರೆ ಎರಡೂ ಬದಿಯಲ್ಲಿ 440 ಪಿಕ್ಸೆಲಿನ ಕಪ್ಪು ಪಟ್ಟಿ ಬಿಟ್ಟು ನಡುವೆ ಚಿತ್ರ ನಿಲ್ಲುತ್ತದೆ. ಒಂದು ಪಿಕ್ಸೆಲಿಗೆ ಒಂದೇ ಪಿಕ್ಸೆಲ್ ಆದ್ದರಿಂದ ಮಸುಕಾಗುವುದಿಲ್ಲ. 34 ಇಂಚಿನ ಪರದೆ ಆಗ ಸುಮಾರು 27 ಇಂಚಿನ ಪರದೆಯಾಗುತ್ತದೆ. ಸಾಮಾನ್ಯ 1440ಪಿ ಪರದೆಯಲ್ಲಿ ಈ ಅನುಕೂಲವಿಲ್ಲ. ಅದರಲ್ಲಿ 1080ಪಿ ಚಿತ್ರವನ್ನು ಪರದೆ ತುಂಬ ತೋರಿಸಿದರೆ ಮೂರು ಪಿಕ್ಸೆಲಿನ ಬಣ್ಣವನ್ನು ನಾಲ್ಕು ಪಿಕ್ಸೆಲಿಗೆ ಹಂಚಬೇಕಾಗಿ ಅಂಚುಗಳು ಮಸುಕಾಗುತ್ತವೆ.

ಹಾಗಾದರೆ ಆ ಮನೆಯವರು ಯಾವುದನ್ನು ಕೊಳ್ಳಬೇಕು? ಕಾರ್ಡನ್ನು ಇನ್ನೆರಡು ಮೂರು ವರ್ಷ ಬದಲಾಯಿಸುವ ಯೋಚನೆ ಇಲ್ಲದಿದ್ದರೆ 27 ಇಂಚಿನ 1440ಪಿ ಪರದೆಯೇ ಸರಿ. ಹಳೆಯದಕ್ಕಿಂತ ಚಿತ್ರ ದೊಡ್ಡದೂ ಹೌದು, ನವಿರೂ ಹೌದು. 53 ಫ್ರೇಮನ್ನು ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ ಅರವತ್ತಕ್ಕೆ ತರುವುದು ಸಾಮಾನ್ಯವಾಗಿ ಕಷ್ಟವಲ್ಲ. ಮಗ ಆಡುವುದು ಹೆಚ್ಚಾಗಿ ಕಾರು ಓಟದ ಆಟಗಳಾಗಿದ್ದು, ಅವು ಅಗಲ ಪರದೆಯನ್ನು ಒಪ್ಪುವಂಥವಾಗಿದ್ದು, ಹಿಗ್ಗಿಸುವ ಉಪಾಯಕ್ಕೆ ಅವನ ಕಣ್ಣು ಒಪ್ಪಿದರೆ ಅಲ್ಟ್ರಾವೈಡ್ ಕೊಳ್ಳಲು ಅಡ್ಡಿಯಿಲ್ಲ. ಆಗ ಮೇಜನ್ನೂ ಅಳೆಯಬೇಕು. ಪರದೆಯೇ 80 ಸೆಂ.ಮೀ. ಅಗಲವಿರುತ್ತದೆ. ನಡುವಿನ ಭಾಗ ಕಣ್ಣಿನಿಂದ 65 ಸೆಂ.ಮೀ. ದೂರವಿದ್ದರೆ ಚಪ್ಪಟೆ ಪರದೆಯ ಅಂಚುಗಳು 76 ಸೆಂ.ಮೀ. ದೂರ ಹೋಗುತ್ತವೆ. ಈ ಪರದೆಗಳಲ್ಲಿ ಹೆಚ್ಚಿನವನ್ನು ಬಿಲ್ಲಿನಂತೆ ಬಾಗಿಸಿರುವುದು ಇದಕ್ಕೇ. 4ಕೆ ಮಾತ್ರ ಈ ಕಾರ್ಡಿಗೆ ಹೇಳಿದ್ದಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆ ಎಂದರೆ ಪೆಟ್ಟಿಗೆಯೊಳಗಿನ ಕಾರ್ಡು, ಕಾಲು ಎಂದರೆ ಪರದೆಯ ಪಿಕ್ಸೆಲ್. ಎರಡನ್ನೂ ಅಳೆಯಲು ಬೇಕಾದದ್ದು ಒಂದು ಸಂಜೆಯ ಹೊತ್ತು, ಒಂದು ಗ್ರಾಫ್ ಕಾಗದ, ಮನೆಯಲ್ಲೇ ಇರುವ ಹಳೆಯ ಮಾನಿಟರ್. ಅಳೆದು ಬರೆದ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೋದವರು ಅಂಗಡಿಯಲ್ಲಿ ‘ಎಷ್ಟು ಇಂಚಿನದು?’ ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಕೇಳುತ್ತಾರೆ.